ಸಂದರ್ಶನದಲ್ಲಿ ಕೇಳಿದ ಒಂದು ಪ್ರಶ್ನೆ ಮತ್ತು ಫೀಡ್‌ಬ್ಯಾಕ್ ಶೀಟ್

ನೇಮಕಾತಿ ವಿಭಾಗದಲ್ಲಿ ಕೆಲಸ ಮಾಡುವ ನನಗೆ ತಿರಸ್ಕೃತ ಅಭ್ಯರ್ಥಿಗಳ ಪತ್ರಗಳು ಹೊಸತಲ್ಲ. ಹೆಚ್ಚಿನವರು ಕಾರಣ ತಿಳಿಸಿ ಎಂದಷ್ಟೇ ಕೇಳುತ್ತಾರೆ, ನಾವು ಸಿದ್ಧ ಟೆಂಪ್ಲೇಟಿನ ಉತ್ತರ ಕಳುಹಿಸುತ್ತೇವೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಲೆಕ್ಕಪತ್ರ ವಿಭಾಗದ ಹುದ್ದೆಗೆ ಬಂದಿದ್ದ ಒಬ್ಬ ಮಹಿಳೆಯ ಪತ್ರ ಹಾಗೆ ಮುಗಿಯಲಿಲ್ಲ. ಕೊನೆಯ ಸುತ್ತಿನಲ್ಲಿ ತಮಗೆ ಯಾವ ದಿನ, ಯಾರು, ಯಾವ ಪ್ರಶ್ನೆ ಕೇಳಿದರು ಎಂಬುದನ್ನು ಅವರು ಕ್ರಮವಾಗಿ ಬರೆದಿದ್ದರು. ಮದುವೆ ನಿಶ್ಚಯವಾಗಿದೆಯೇ, ಆದ ಮೇಲೆ ಕೆಲಸ ಮುಂದುವರಿಸುತ್ತೀರಾ ಎಂದು ತಮ್ಮನ್ನು ಕೇಳಿದ್ದನ್ನು ತಿಳಿಸಿ, ಇದೇ ಪ್ರಶ್ನೆಯನ್ನು ಪುರುಷ ಅಭ್ಯರ್ಥಿಗಳಿಗೂ ಕೇಳಲಾಗಿತ್ತೇ ಎಂದು ಒಂದೇ ಒಂದು ಸ್ಪಷ್ಟನೆ ಬಯಸಿದ್ದರು.

ಆ ಸ್ಪಷ್ಟನೆಯ ತೂಕ ತಿಳಿಯಬೇಕಾದರೆ ನಮ್ಮ ಕಾನೂನಿನ ಸ್ಥಿತಿಯನ್ನು ನೋಡಬೇಕು. ಸಂವಿಧಾನದ 16ನೇ ವಿಧಿ ಧರ್ಮ, ಜಾತಿ, ಲಿಂಗ ಮೊದಲಾದವುಗಳ ಆಧಾರದ ತಾರತಮ್ಯವನ್ನು ನಿಷೇಧಿಸುವುದು ಸರ್ಕಾರಿ ಉದ್ಯೋಗದಲ್ಲಿ. ಖಾಸಗಿ ಕಂಪನಿಗೆ ಅದನ್ನು ನೇರವಾಗಿ ಅನ್ವಯಿಸಲಾಗದು. ವೈವಾಹಿಕ ಸ್ಥಿತಿಯ ಹೆಸರೂ ವಯಸ್ಸಿನ ಹೆಸರೂ ಆ ಪಟ್ಟಿಯಲ್ಲಿಲ್ಲ. ಆದರೆ 1976ರ ಸಮಾನ ವೇತನ ಕಾಯ್ದೆಯಲ್ಲಿದ್ದು 2019ರ ವೇತನ ಸಂಹಿತೆಯ 3ನೇ ಕಲಂನಲ್ಲಿ ಮುಂದುವರಿದಿರುವ ನಿಯಮ ಖಾಸಗಿ ಮಾಲೀಕರಿಗೂ ಅನ್ವಯಿಸುತ್ತದೆ: ಒಂದೇ ಬಗೆಯ ಕೆಲಸಕ್ಕೆ ನೇಮಕ ಮಾಡುವಾಗ ಲಿಂಗದ ಆಧಾರದಲ್ಲಿ ಭೇದ ಮಾಡಬಾರದು. ಮದುವೆಯ ಪ್ರಶ್ನೆಯನ್ನು ಎಲ್ಲರಿಗೂ ಕೇಳಿದ್ದರೆ ಅದು ಅನುಚಿತವೆನಿಸುತ್ತದೆ, ಅಷ್ಟೇ. ಹೆಣ್ಣುಮಕ್ಕಳಿಗೆ ಮಾತ್ರ ಕೇಳಿ ಅದರ ಮೇಲೆ ನಿರ್ಧರಿಸಿದ್ದರೆ ಅದು ಲಿಂಗ ತಾರತಮ್ಯವೆಂದು ವಾದಿಸಲು ದಾರಿ ತೆರೆಯುತ್ತದೆ. ಆ ಅಭ್ಯರ್ಥಿ ಸರಿಯಾದ ಜಾಗಕ್ಕೇ ಕೈ ಹಾಕಿದ್ದರು.

ನಾನು ಫೈಲ್ ತೆಗೆದು ನೋಡಿದೆ. ಲಿಖಿತ ಪರೀಕ್ಷೆಯಲ್ಲೂ ತಾಂತ್ರಿಕ ಸುತ್ತಿನಲ್ಲೂ ಅವರದೇ ಅತಿ ಹೆಚ್ಚಿನ ಅಂಕ. ಕೊನೆಯ ಸುತ್ತಿನ ಫೀಡ್‌ಬ್ಯಾಕ್ ಶೀಟಿನಲ್ಲಿ ವಿಭಾಗದ ಮ್ಯಾನೇಜರ್ ಬರೆದಿದ್ದ ಸಾಲು ಹೀಗಿತ್ತು: "ಸಮರ್ಥರು; ಆದರೆ ಮದುವೆ ನಿಶ್ಚಯವಾಗಿದೆ, ಹೆಚ್ಚು ದಿನ ಉಳಿಯುವುದು ಸಂಶಯ." ಆಯ್ಕೆಯಾದ ಪುರುಷ ಅಭ್ಯರ್ಥಿಯ ಶೀಟಿನಲ್ಲಿ ಮದುವೆಯ ಪ್ರಸ್ತಾಪವೇ ಇರಲಿಲ್ಲ.

ಅಂದು ಸಂಜೆಯ ಸಭೆ ಈಗಲೂ ನನ್ನನ್ನು ಕುಟುಕುತ್ತದೆ. ಮ್ಯಾನೇಜರ್ ನನ್ನ ಲ್ಯಾಪ್‌ಟಾಪಿನ ಕಡೆ ಬಾಗಿ, "ಆ ಸಾಲು ತೆಗೆದು ಸಂವಹನ ಕೌಶಲ ಸಾಲದು ಎಂದು ಹಾಕಿಬಿಡಿ, ಎಲ್ಲ ಸರಿಹೋಗುತ್ತದೆ" ಎಂದರು. ಮೇಲಧಿಕಾರಿ ಬೇಡವೆನ್ನಲಿಲ್ಲ, ಮೊಬೈಲ್ ನೋಡುತ್ತಾ ಕುಳಿತರು. "ಸರ್, ದೂರು ಬಂದ ಮೇಲೆ ದಾಖಲೆ ತಿದ್ದಿದರೆ ನಮ್ಮ ನಿರ್ಧಾರಕ್ಕಿಂತ ಆ ತಿದ್ದುಪಡಿಯೇ ದೊಡ್ಡ ಸಾಕ್ಷಿಯಾಗುತ್ತದೆ, ಸಿಸ್ಟಮ್ಮಿನಲ್ಲಿ ಯಾರು ಯಾವಾಗ ಬದಲಿಸಿದರೆಂಬುದೂ ಉಳಿಯುತ್ತದೆ" ಎಂದೆ. ಕೊಠಡಿಯಲ್ಲಿ ಯಾರೂ ಮಾತನಾಡಲಿಲ್ಲ. ಒಬ್ಬ ಅರ್ಹಳ ಅನ್ನಕ್ಕೆ ಕುತ್ತು ತಂದ ಸಾಲನ್ನು ಅಳಿಸುವ ಆತುರ ಇತ್ತೇ ಹೊರತು, ಅವಳಿಗೆ ಆದ ಅನ್ಯಾಯ ಸರಿಪಡಿಸೋಣ ಎಂಬ ಮಾತು ಮೊದಲಿಗೆ ಯಾರ ಬಾಯಿಂದಲೂ ಬರಲಿಲ್ಲ. ಕೊನೆಗೆ ಕಾನೂನು ಸಲಹೆಗಾರರು ಫೋನಿನಲ್ಲಿ ನಾನು ಹೇಳಿದ್ದನ್ನೇ ಹೇಳಿದ ಮೇಲೆ, ಬೇರೆ ಸಮಿತಿಯಿಂದ ಮರುಸಂದರ್ಶನ ಮಾಡಲು ಒಪ್ಪಿಗೆ ಸಿಕ್ಕಿತು. ಅಷ್ಟರಲ್ಲಿ ಆ ಅಭ್ಯರ್ಥಿ ಬೇರೆಡೆ ಕೆಲಸಕ್ಕೆ ಸೇರಿದ್ದರು.

ಅವರು ಅಷ್ಟಕ್ಕೇ ಬಿಡದೆ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿದ್ದರೆ, ಅವರ ಬಳಿ ಇದ್ದ ಬಲವೆಂದರೆ ಆ ಪತ್ರವೇ. ಸಂದರ್ಶನ ಮುಗಿದ ದಿನವೇ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳುವುದು, ಜಾಹೀರಾತು ಮತ್ತು ತಿರಸ್ಕಾರದ ಇ-ಮೇಲನ್ನು ಉಳಿಸಿಕೊಳ್ಳುವುದು, ಕಾರಣವನ್ನು ಫೋನಿನಲ್ಲಿ ಕೇಳದೆ ಬರಹದಲ್ಲೇ ಕೇಳುವುದು, ಇಷ್ಟಿದ್ದರೆ ಕಂಪನಿ ಆಮೇಲೆ ಹೊಸ ಕಾರಣ ಹೆಣೆಯುವುದು ಕಷ್ಟ. ಆದರೂ ಈ ಕಾನೂನು ತಪ್ಪಿತಸ್ಥ ಮಾಲೀಕರಿಗೆ ದಂಡ ಹಾಕುವುದರ ಕಡೆಗೇ ಹೆಚ್ಚು ವಾಲಿದೆ. ಕಳೆದುಹೋದ ಹುದ್ದೆಯನ್ನೇ ಮರಳಿ ಕೊಡಿಸುತ್ತದೆ ಎಂದು ನಂಬಿ ಹೋಗಬಾರದು.

ಧರ್ಮ ಅಥವಾ ವಯಸ್ಸಿನ ಕಾರಣಕ್ಕೆ ಖಾಸಗಿ ಕಂಪನಿ ತಿರಸ್ಕರಿಸಿದರೆ ಇಂಥ ನೇರವಾದ ಕಲಂ ಕೂಡ ಕೈಗೆ ಸಿಗುವುದಿಲ್ಲ, ಮತ್ತು ಇದು ನಮ್ಮ ಕಾನೂನಿನ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ಸರ್ಕಾರಿ ನೇಮಕಾತಿಯಲ್ಲಾದರೆ ತಮ್ಮ ಅಂಕಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಪಡೆದು, ಧರ್ಮದ ಕಾರಣಕ್ಕೆ ಭೇದವಾಗಿದ್ದರೆ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ವಯೋಮಿತಿಯನ್ನು ನೇಮಕಾತಿ ನಿಯಮಗಳೇ ನಿಗದಿಪಡಿಸುವುದರಿಂದ ಅದನ್ನು ಪ್ರಶ್ನಿಸುವ ದಾರಿ ಇನ್ನೂ ಕಿರಿದು.

ನಮ್ಮ ಆನ್‌ಲೈನ್ ಅರ್ಜಿಯಲ್ಲಿ ವೈವಾಹಿಕ ಸ್ಥಿತಿ, ಧರ್ಮ, ಜನ್ಮದಿನಾಂಕ ಮೂರನ್ನೂ ತುಂಬದೆ ಮುಂದಿನ ಪುಟ ತೆರೆಯುವುದಿಲ್ಲ. ವಿಮೆಗೂ ಭವಿಷ್ಯನಿಧಿಗೂ ಬೇಕಾದ ವಿವರಗಳನ್ನು ಸೇರಿದ ಮೇಲೆ ಪಡೆಯಬಹುದೆಂದೂ, ಆಯ್ಕೆಯ ಹಂತದಲ್ಲಿ ಇವು ಯಾರ ಕಣ್ಣಿಗೂ ಬೀಳಬಾರದೆಂದೂ ಆಡಳಿತಕ್ಕೆ ಬರೆದು ಕೊಟ್ಟಿದ್ದೇನೆ. ಸಾಫ್ಟ್‌ವೇರ್ ಬದಲಾವಣೆಗೆ ಬಜೆಟ್ ಇಲ್ಲವೆಂಬ ಉತ್ತರ ಬಂದಿದೆ. ಅಲ್ಲಿಯವರೆಗೆ ಸಮಿತಿಗೆ ಕಳುಹಿಸುವ ಪ್ರತಿಗಳಲ್ಲಿ ಆ ಮೂರು ಸಾಲುಗಳನ್ನು ನಾನೇ ಮುಚ್ಚಿ ಕಳುಹಿಸುತ್ತಿದ್ದೇನೆ.