ಒಂದು ಸೀನ್, ಒಂದು ಕ್ಯಾಮೆರಾ, ನಾಲ್ಕು ಗಂಟೆ: ಶಾಟ್ ಡಿವಿಷನ್ ಹೇಗೆ ಮಾಡಿದೆವು

ನಾನು ಅಸೋಸಿಯೇಟ್ ಡೈರೆಕ್ಟರ್. ಆಗಾಗ ಸಿನಿಮಾ ಓದುವ ಹುಡುಗರ ಜೊತೆ ಕೂತು ಅವರ ಮೊದಲ ಶಾರ್ಟ್ ಫಿಲ್ಮಿಗೆ ಶಾಟ್ ಡಿವಿಷನ್ ಮಾಡಿಸುತ್ತೇನೆ, ಅಂದರೆ ಸೀನನ್ನು ಯಾವ ಯಾವ ಶಾಟ್ ಆಗಿ ಒಡೆದು ತೆಗೆಯಬೇಕು ಅಂತ ಪಟ್ಟಿ ಮಾಡಿಸುತ್ತೇನೆ. ಹೋದ ಸಲ ಬಂದ ಹುಡುಗನ ಸೀನು ಇಲ್ಲಿ ವಿವರಿಸಲು ಚೆನ್ನಾಗಿದೆ, ಏಕೆಂದರೆ ಅದು ಒಂದೂಕಾಲು ಪುಟ ಅಷ್ಟೇ, ಆದರೆ ಕಷ್ಟಗಳೆಲ್ಲ ಅದರಲ್ಲೇ ಇವೆ.

ಸೀನ್ ಹೀಗಿದೆ. ಮಧ್ಯಾಹ್ನಕ್ಕೆ ಮುಂಚೆ, ಮನೆಯ ಹಾಲ್. ಅಮ್ಮ ನೆಲದ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾಳೆ. ಮಗಳು ಆಫೀಸಿನಿಂದ ಬೇಗ ಬರುತ್ತಾಳೆ. "ಏನೇ, ಇಷ್ಟು ಬೇಗ?" ಅಂದರೆ "ಹಾಫ್ ಡೇ ಅಮ್ಮ" ಅನ್ನುತ್ತಾಳೆ. ಬ್ಯಾಗ್ ಇಟ್ಟು ಕೂರುತ್ತಾಳೆ. ಅಮ್ಮ ಎದ್ದು ಬ್ಯಾಗನ್ನು ಬೀರುವಿನಲ್ಲಿ ಇಡಲು ಎತ್ತುತ್ತಾಳೆ. ಬ್ಯಾಗ್ ಹಗುರ. ಲ್ಯಾಪ್‌ಟಾಪ್ ಇಲ್ಲ, ವಾಪಸ್ ಕೊಟ್ಟು ಬಂದಿದ್ದಾಳೆ, ಅಂದರೆ ಕೆಲಸ ಹೋಗಿದೆ. ಅಮ್ಮ ಏನೂ ಕೇಳುವುದಿಲ್ಲ. "ಕೈ ತೊಳ್ಕೊಂಡ್ ಬಾ, ಊಟ ಮಾಡು."

ಅವನ ಬಳಿ ಇದ್ದದ್ದು ಸ್ನೇಹಿತನ ಕ್ರಾಪ್ ಸೆನ್ಸರ್ ಡಿಎಸ್ಎಲ್ಆರ್, ಅದರ ಜೊತೆ ಬಂದ 18-55 ಎಂಎಂ ಜೂಮ್ ಲೆನ್ಸ್, ಒಂದು ಸಾದಾ ಟ್ರೈಪಾಡ್, ಒಂದು ಕಾಲರ್ ಮೈಕ್, ಒಂದು ಥರ್ಮಾಕೋಲ್ ಶೀಟ್. ಲೈಟ್ ಅಂದರೆ ಕಿಟಕಿ. ಮನೆ ಸಿಗುವುದು ಬೆಳಿಗ್ಗೆ ಹತ್ತರಿಂದ ಎರಡರವರೆಗೆ. ಬರೆದುಕೊಂಡು ಬಂದದ್ದು ಮೂವತ್ತಕ್ಕೂ ಜಾಸ್ತಿ ಶಾಟ್.

ಮೊದಲು ಆ ಪಟ್ಟಿ ಪಕ್ಕಕ್ಕಿಟ್ಟು ಸೀನ್ ಪೇಪರ್ ಮೇಲೆ ಪೆನ್ಸಿಲ್‌ನಿಂದ ಗೆರೆ ಹಾಕಿಸಿದೆ. ಡೈಲಾಗ್ ಬದಲಾದ ಕಡೆ ಅಲ್ಲ, ಒಬ್ಬರಿಗೆ ಏನೋ ಹೊಸದಾಗಿ ಗೊತ್ತಾದ ಕಡೆ. ಮೂರು ಗೆರೆ ಬಿದ್ದವು: ಅಮ್ಮನಿಗೆ ಬ್ಯಾಗ್ ಹಗುರ ಅಂತ ಗೊತ್ತಾದದ್ದು, ಅಮ್ಮನಿಗೆ ಗೊತ್ತಾಯಿತು ಅಂತ ಮಗಳಿಗೆ ಗೊತ್ತಾದದ್ದು, ಕೇಳುವುದು ಬೇಡ ಅಂತ ಅಮ್ಮ ತೀರ್ಮಾನ ಮಾಡಿದ್ದು. ಈ ಮೂರೂ ನೋಡುವವರಿಗೆ ತಲುಪಿದರೆ ಸೀನ್ ಆಯಿತು. ಮಗಳು ಚಪ್ಪಲಿ ಬಿಡುವ ಕ್ಲೋಸ್, ಗಡಿಯಾರದ ಕ್ಲೋಸ್, ಇವೆಲ್ಲ ಇದ್ದರೆ ಚೆಂದ, ಇಲ್ಲದಿದ್ದರೂ ನಡೆಯುತ್ತದೆ.

ಈಗ ಮೊದಲ ಗೆರೆ. ಅವನು ಅಲ್ಲಿ "ಕ್ಲೋಸ್: ಬ್ಯಾಗ್ ಹಿಡಿ, ಅಮ್ಮನ ಕೈ" ಅಂತ ಬರೆದಿದ್ದ. ಎಲ್ಲರೂ ಹಾಗೇ ಬರೆಯುತ್ತಾರೆ. "ಬ್ಯಾಗ್ ಹಗುರ ಅಂತ ಈ ಶಾಟ್‌ನಲ್ಲಿ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದೆ. ನನ್ನ ಬ್ಯಾಗಿನಿಂದ ಸಾಮಾನು ತೆಗೆಸಿ, ಅವನ ಗೆಳೆಯನ ಕೈಲಿ ಎತ್ತಿಸಿ, ಫೋನಿನಲ್ಲಿ ಎರಡು ಸಲ ಶೂಟ್ ಮಾಡಿಸಿದೆ, ಒಮ್ಮೆ ಕೈ ಮಾತ್ರ, ಒಮ್ಮೆ ಸೊಂಟದಿಂದ ಮೇಲೆ. ಕೈ ಮಾತ್ರ ಇದ್ದದ್ದರಲ್ಲಿ ಒಂದು ಬ್ಯಾಗ್ ಮೇಲೆ ಹೋಯಿತು ಅಷ್ಟೇ. ಎರಡನೆಯದರಲ್ಲಿ ಭಾರ ಅಂದುಕೊಂಡು ಭುಜ ಮೊದಲೇ ಬಿಗಿಯಾದದ್ದು, ಬ್ಯಾಗ್ ಬೇಗ ಮೇಲೆ ಬಂದಾಗ ಮೈ ಸ್ವಲ್ಪ ಹಿಂದೆ ಸರಿದದ್ದು, ಆಮೇಲೆ ಮುಖ, ಎಲ್ಲ ಒಂದೇ ಫ್ರೇಮಿನಲ್ಲಿತ್ತು. "ಸರ್, ಇದು ಮಿಡ್ ಆಗ್ಬೇಕು" ಅಂತ ಅವನೇ ಹೇಳಿದ. ಮುಖ್ಯವಾದ ವಸ್ತು ಅಂದ ತಕ್ಷಣ ಕ್ಲೋಸ್ ಹಾಕಬೇಕಿಲ್ಲ. ಆ ಕ್ಷಣದಲ್ಲಿ ನೋಡುವವರು ಏನು ಓದಬೇಕು ಅನ್ನುವುದರ ಮೇಲೆ ಸೈಜ್ ನಿಂತಿದೆ.

ಆದರೆ ಅಮ್ಮ ಏಳಬೇಕಿತ್ತಲ್ಲ, ಅಲ್ಲಿ ತೊಂದರೆ. ಆಕೆ ಕೂತಿರುವುದು ನೆಲದಲ್ಲಿ, ಎದ್ದರೆ ಕ್ಯಾಮೆರಾ ಜೊತೆಗೆ ಟಿಲ್ಟ್ ಆಗಬೇಕು. ಸಾದಾ ಟ್ರೈಪಾಡ್ ಹೆಡ್‌ನಲ್ಲಿ ಟಿಲ್ಟ್ ಮಾಡಿದರೆ ಶುರುವಿನಲ್ಲಿ ಒಂದು ಜರ್ಕ್, ಕೊನೆಯಲ್ಲಿ ಒಂದು ಜರ್ಕ್ ಬಂದೇ ಬರುತ್ತದೆ, ಅದೂ ಸೀನಿನ ಮುಖ್ಯ ಕ್ಷಣದಲ್ಲಿ. ಹಾಗಾಗಿ ಬ್ಲಾಕಿಂಗ್, ಅಂದರೆ ಯಾರು ಎಲ್ಲಿದ್ದು ಹೇಗೆ ಓಡಾಡುತ್ತಾರೆ ಅನ್ನುವುದನ್ನು, ಬದಲಿಸಿದೆವು. ಮಗಳು ಬ್ಯಾಗನ್ನು ಮೊರದ ಪಕ್ಕದಲ್ಲೇ ನೆಲಕ್ಕೆ ಇಡುತ್ತಾಳೆ, ಅಕ್ಕಿಗೆ ಧೂಳು ಬೀಳುತ್ತದೆ ಅಂತ ಅಮ್ಮ ಕೂತಲ್ಲಿಂದಲೇ ಅದನ್ನು ಎತ್ತಿ ಆಚೆ ಇಡಲು ಹೋಗುತ್ತಾಳೆ. ಟಿಲ್ಟೂ ಬೇಡ, ಬೀರುವೂ ಬೇಡ.

ಆಮೇಲೆ ಜಾಗ. ಹಾಲ್ ಸುಮಾರು ಹತ್ತು ಅಡಿ, ಹನ್ನೆರಡು ಅಡಿ. ಆ ಕ್ಯಾಮೆರಾದಲ್ಲಿ 18ರಲ್ಲಿ ಹತ್ತು ಅಡಿ ದೂರದಿಂದ ಹನ್ನೆರಡು ಅಡಿಯಷ್ಟು ಅಗಲ ಕಾಣುತ್ತದೆ, 50ರಲ್ಲಿ ನಾಲ್ಕೂವರೆ ಅಡಿ ಅಷ್ಟೇ. ಹಾಗಾಗಿ ಪೂರ್ತಿ ಸೀನನ್ನು ಒಂದೇ ಅಗಲ ಫ್ರೇಮಿನಲ್ಲಿ ಹಿಡಿಯುವ ಮಾಸ್ಟರ್‌ಗೆ ಟ್ರೈಪಾಡ್ ಅಡುಗೆಮನೆ ಬಾಗಿಲಿನೊಳಗೆ ಹೋಯಿತು. ಅಕ್ಕಿ ಆರಿಸುವವರು ಬೆಳಕಿಗೆ ಮುಖ ಮಾಡಿ ಕೂರುತ್ತಾರೆ, ಆದ್ದರಿಂದ ಅಮ್ಮ ಕಿಟಕಿ ಕಡೆಗೆ, ಮಗಳ ಕುರ್ಚಿ ಕಿಟಕಿ ಪಕ್ಕ. ಅಮ್ಮನ ಮುಖಕ್ಕೆ ಒಳ್ಳೆಯ ಬೆಳಕು. ಮಗಳ ಮುಖ ಅರ್ಧ ಕತ್ತಲು, ಅವಳು ಮುಚ್ಚಿಡುತ್ತಿರುವುದಕ್ಕೆ ಅದು ಸರಿಹೋಗುತ್ತದೆ, ಜಾಸ್ತಿ ಕಪ್ಪಾದರೆ ಅಮ್ಮ ಕೂತ ಕಡೆಯಿಂದ ಥರ್ಮಾಕೋಲ್ ಬೌನ್ಸ್ ಕೊಟ್ಟರೆ ಸಾಕು.

ಹೊಸ ಟೀಮ್ ಕ್ಯಾಮೆರಾ ಜಾಗ ಬದಲಿಸಿ, ರಿಹರ್ಸಲ್ ಮಾಡಿ, ಮೂರು ನಾಲ್ಕು ಟೇಕ್ ಮುಗಿಸಲು ಅರ್ಧ ಗಂಟೆ ಬೇಕು. ನಾಲ್ಕು ಗಂಟೆಗೆ ಎಂಟು ಜಾಗ, ತಿಂಡಿ ಮತ್ತು ಅಡಚಣೆ ಕಳೆದರೆ ಆರು. ಆದ್ದರಿಂದ ಶಾಟ್‌ಗಳಿಗಿಂತ ಕ್ಯಾಮೆರಾ ಜಾಗಗಳನ್ನು ಎಣಿಸಬೇಕು. ನಮ್ಮದು ನಾಲ್ಕಕ್ಕೆ ನಿಂತಿತು. ಬಾಗಿಲಿಂದ ಮಾಸ್ಟರ್, ಪೂರ್ತಿ ಸೀನ್. ಅಮ್ಮ ಕೂತಾಗಿನ ಕಣ್ಣಿನ ಎತ್ತರದಲ್ಲಿ ಆಕೆಯ ಮಿಡ್, ಅಲ್ಲಿಂದಲೇ ಲೆನ್ಸ್ 55ಕ್ಕೆ ತಿರುಗಿಸಿ ಕೊನೆಯ ಮಾತಿಗೆ ಕ್ಲೋಸ್. ಮಗಳ ಮಿಡ್ ಮತ್ತು ಕ್ಲೋಸ್, ಅದೇ ರೀತಿ ಒಂದೇ ಜಾಗದಿಂದ. ಕೊನೆಗೆ ಮೊರದಲ್ಲಿ ಕೈ ನಿಂತು ಮತ್ತೆ ಆಡುವ ಇನ್ಸರ್ಟ್. ಒಟ್ಟು ಆರು ಶಾಟ್.

ಲೆನ್ಸ್ ತಿರುಗಿಸುವಾಗ ಒಂದು ಎಚ್ಚರ. ಈ ಲೆನ್ಸ್‌ನಲ್ಲಿ 18ರಲ್ಲಿ ಅಪರ್ಚರ್ 3.5 ಸಿಗುತ್ತದೆ, 55ಕ್ಕೆ ಹೋದರೆ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಮಾಸ್ಟರನ್ನು 3.5ರಲ್ಲಿ ತೆಗೆದರೆ ಕ್ಲೋಸ್ ಕಪ್ಪಾಗಿ ಬರುತ್ತದೆ. ಮೊದಲಿಂದಲೇ 5.6 ಇಟ್ಟು, ಶಟರ್ 1/50, 25 ಫ್ರೇಮ್, ಪಟ್ಟಿಯ ಮೇಲ್ಗಡೆಯೇ ಬರೆದುಬಿಡಿ.

ಪಟ್ಟಿ ಸರಿ ಇದೆಯಾ ಅಂತ ನೋಡಲು ಶೂಟಿಂಗ್ ಹಿಂದಿನ ದಿನ ಇಬ್ಬರು ಗೆಳೆಯರನ್ನು ಅದೇ ಜಾಗಗಳಲ್ಲಿ ಕೂರಿಸಿ ಫೋನಿನಲ್ಲಿ ಒಂದೊಂದು ಫೋಟೋ ತೆಗೆಸಿದೆ. ಎಡಿಟ್ ಆಗುವ ಕ್ರಮದಲ್ಲಿ ಒಂದರ ಹಿಂದೆ ಒಂದು ನೋಡಿದಾಗ ಅಮ್ಮನೂ ಎಡಕ್ಕೆ ನೋಡುತ್ತಿದ್ದರು, ಮಗಳೂ ಎಡಕ್ಕೆ. ಇಬ್ಬರೂ ಮೂರನೆಯವರನ್ನು ನೋಡಿದ ಹಾಗಿತ್ತು. ಮಗಳ ಶಾಟ್‌ಗೆ ಕ್ಯಾಮೆರಾ ಇಬ್ಬರನ್ನೂ ಸೇರಿಸುವ ಲೈನ್ ದಾಟಿ ಆಚೆ ಹೋಗಿತ್ತು. ಇಬ್ಬರ ನಡುವೆ ನೆಲದ ಮೇಲೆ ಒಂದು ದಾರ ಎಳೆದು, ಕ್ಯಾಮೆರಾ ಯಾವಾಗಲೂ ಅಡುಗೆಮನೆ ಕಡೆಯೇ ಅಂತ ಪಟ್ಟಿಯಲ್ಲಿ ಬರೆಸಿದೆ. ಫೋಟೋಗಳಲ್ಲಿ ಪಕ್ಕಪಕ್ಕದ ಎರಡು ಹೆಚ್ಚುಕಮ್ಮಿ ಒಂದೇ ಥರ ಕಂಡರೆ ಅಲ್ಲಿ ಕಟ್ ಜಂಪ್ ಆಗುತ್ತದೆ. ಸೈಜನ್ನು ಚೆನ್ನಾಗಿ ಬದಲಿಸಿ, ಇಲ್ಲವೇ ಕ್ಯಾಮೆರಾವನ್ನು ಕನಿಷ್ಠ 30 ಡಿಗ್ರಿ ಸರಿಸಿ.

ಶೂಟ್ ಮಾಡುವ ಕ್ರಮ ಕಥೆಯ ಕ್ರಮ ಅಲ್ಲ. ಮಾಸ್ಟರ್ ಆದ ಮೇಲೆ ನೇರ ಅಮ್ಮನ ಕಡೆ ಹೋದೆವು, ಕಿಟಕಿ ಬೆಳಕನ್ನೇ ನಂಬಿರುವುದು ಆ ಮುಖ, ಬ್ಯಾಗಿನ ಕ್ಷಣ ಕೂಡ ಅಲ್ಲೇ, ಹತ್ತಾರು ಟೇಕ್ ಆದ ಮೇಲೆ ಆ ಬೆಚ್ಚುವಿಕೆ ಹುಸಿಯಾಗುತ್ತದೆ. ಪ್ರತಿ ಶಾಟನ್ನೂ ಬೇಕಾದ ಮಾತಿಗಿಂತ ಒಂದು ಮಾತು ಮುಂಚೆ ಶುರು ಮಾಡಿ, ಒಂದು ಮಾತು ಆದ ಮೇಲೆ ಕಟ್ ಹೇಳಿ, ಇಲ್ಲದಿದ್ದರೆ ಎಡಿಟರ್‌ಗೆ ಕಟ್ ಮಾಡಲು ಜಾಗವೇ ಇರುವುದಿಲ್ಲ. ಮೊರದ ಸದ್ದು ಮಾತಿನ ಮೇಲೆ ಬೀಳುತ್ತದೆ, ಮಗಳು ಮಾತಾಡುವಾಗ ಅಮ್ಮ ಕೈ ನಿಧಾನ ಮಾಡಲಿ, ಸದ್ದನ್ನು ಆಮೇಲೆ ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ.

ಪಟ್ಟಿಯಲ್ಲಿ ಮಾಸ್ಟರ್, ಅಮ್ಮನ ಮಿಡ್, ಮಗಳ ಮಿಡ್ ಪಕ್ಕ ಸ್ಟಾರ್ ಹಾಕಿದ್ದೆವು. ಈ ಮೂರು ಇದ್ದರೆ ಸೀನ್ ಕಟ್ಟಬಹುದು. ಇನ್ಸರ್ಟ್‌ಗೆ ಹಾಕಲಿಲ್ಲ, ಅದೇ ಸೀರೆ, ಅದೇ ಮೊರ, ಅದೇ ಹೊತ್ತಿನ ಕಿಟಕಿ ಬೆಳಕು ಸಿಕ್ಕರೆ ಬೇರೆ ದಿನವೂ ತೆಗೆಯಬಹುದು, ಅಲ್ವಾ? ಹಾಗೇ ಆಯಿತು. ಮನೆಯವರು ಎರಡಕ್ಕಿಂತ ಸ್ವಲ್ಪ ಮುಂಚೆಯೇ ಬಂದರು, ಇನ್ಸರ್ಟ್ ಉಳಿಯಿತು. ಮುಂದಿನ ವಾರ ಅವನ ರೂಮಿನ ಕಿಟಕಿ ಪಕ್ಕದಲ್ಲಿ, ಅವನ ಚಿಕ್ಕಮ್ಮನ ಕೈ ಇಟ್ಟು ತೆಗೆದರು.