ಕನ್ನಡ ಮೆಸೇಜಿಗೆ ಎಮೋಜಿ ಊಹಿಸುವ ಮಾಡೆಲ್: 🙏 ದಾಟುವುದೇ ಕಷ್ಟ

ಮೆಸೇಜು ಕೊಟ್ಟರೆ ಅದರ ಕೊನೆಗೆ ಯಾವ ಎಮೋಜಿ ಬರಬಹುದು ಅಂತ ಮಾಡೆಲ್ ಹೇಳಬೇಕು. ಕೆಲಸ ಇಷ್ಟೇ. ಆಯ್ಕೆಗೆ ಹತ್ತು ಎಮೋಜಿ ಇಟ್ಟುಕೊಂಡಿದ್ದೇನೆ: 🙏 😂 👍 ❤ 😢 👏 🙄 😡 🎉 🌹. ಬೆಳಗಾವಿಯ ನಮ್ಮ ಗ್ರೂಪುಗಳಲ್ಲಿ ಜಾಸ್ತಿ ಓಡಾಡುವುದು ಇವೇ.

ಇದರಲ್ಲಿ ನನಗೆ ಆಸೆ ಹುಟ್ಟಿಸಿದ್ದು ಎಮೋಜಿ ಅಲ್ಲ, ಧಾಟಿ. ಒಂದು ವಾಕ್ಯ ಸಿಟ್ಟಿನದೋ, ಗೌರವದ್ದೋ, ವ್ಯಂಗ್ಯದ್ದೋ ಅಂತ ಮಾಡೆಲ್‌ಗೆ ಕಲಿಸಬೇಕಾದರೆ ಯಾರಾದರೂ ಕೂತು ಸಾವಿರಾರು ವಾಕ್ಯಗಳಿಗೆ ಗುರುತು ಹಾಕಬೇಕು. ಎಮೋಜಿ ಇದ್ದರೆ ಆ ಗುರುತನ್ನು ಬರೆದವರೇ ಹಾಕಿರುತ್ತಾರೆ. 2017ರಲ್ಲಿ ಎಂಐಟಿಯವರ ಡೀಪ್‌ಮೋಜಿ ಮಾಡೆಲ್ ಇದನ್ನೇ ದೊಡ್ಡ ಮಟ್ಟದಲ್ಲಿ ಮಾಡಿತು. 120 ಕೋಟಿಗೂ ಹೆಚ್ಚು ಟ್ವೀಟು, 64 ಎಮೋಜಿ. ಎಮೋಜಿ ಊಹಿಸಲು ಕಲಿತ ಅದೇ ಮಾಡೆಲನ್ನು ಆಮೇಲೆ ಭಾವನೆ, ವ್ಯಂಗ್ಯ ಗುರುತಿಸುವ ಕೆಲಸಕ್ಕೂ ಬಳಸಿದರು. ನನ್ನ ಹತ್ತಿರ ಇರುವುದು ಒಂದು ಹಳೆ ಲ್ಯಾಪ್‌ಟಾಪ್ ಮತ್ತು ಮೂರು ವಾಟ್ಸಾಪ್ ಗ್ರೂಪು: ಉದ್ಯಮಬಾಗದ ಫೌಂಡ್ರಿಯಲ್ಲಿ ನಮ್ಮ ಶಿಫ್ಟಿನದು, ಓಣಿಯ ನೀರಿನದು, ಬೀಗರು-ಬಳಗದ್ದು. ಎಲ್ಲರ ಒಪ್ಪಿಗೆ ಕೇಳಿಯೇ ಎಕ್ಸ್‌ಪೋರ್ಟ್ ಮಾಡಿಕೊಂಡೆ. ಹೆಸರು, ನಂಬರು ಎಲ್ಲ ಮೊದಲೇ ಅಳಿಸಿದ್ದೇನೆ.

ಡೇಟಾ ತೊಳೆಯುವುದು

ಬಳಗದ ಗ್ರೂಪಿನಲ್ಲಿ ಅರ್ಧಕ್ಕರ್ಧ ಫಾರ್ವರ್ಡು. ಒಂದೇ ಶುಭೋದಯ 🌹🙏 ಮೂರೂ ಗ್ರೂಪಿಗೆ ಬಂದಿರುತ್ತದೆ. ಅದನ್ನು ಹಾಗೇ ಬಿಟ್ಟು ಡೇಟಾ ಕಲಸಿ ಎರಡು ಪಾಲು ಮಾಡಿದರೆ, ಕಲಿಕೆಗೆ ಕೊಟ್ಟ ಮೆಸೇಜೇ ಪರೀಕ್ಷೆಗೂ ಬರುತ್ತದೆ. ಮಾಡೆಲ್ ಬಾಯಿಪಾಠ ಒಪ್ಪಿಸಿ ಒಳ್ಳೆ ಅಂಕ ತೋರಿಸುತ್ತದೆ. ಅದಕ್ಕೇ ಮೊದಲು ನಕಲುಗಳನ್ನು ತೆಗೆದೆ. ಆಮೇಲೆ ತಾರೀಖಿನ ಪ್ರಕಾರ ಕತ್ತರಿಸಿದೆ: ಹಳೆ ಮೆಸೇಜು ಕಲಿಕೆಗೆ, ಹೊಸವು ಪರೀಕ್ಷೆಗೆ.

ಇನ್ನೊಂದು ಜಾಗ ಯುನಿಕೋಡ್. ನಾವು ಒಂದೇ ಅಂದುಕೊಳ್ಳುವ ಕೈಜೋಡಿಸಿದ ಚಿತ್ರ ಚರ್ಮದ ಬಣ್ಣ ಸೇರಿ ಆರು ರೂಪದಲ್ಲಿ ಬರುತ್ತದೆ. ಕೆಂಪು ಹೃದಯದ ಬೆನ್ನಿಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ. ಇವನ್ನೆಲ್ಲ ಒಂದು ಮಾಡದಿದ್ದರೆ ಒಂದೇ ಎಮೋಜಿ ಹಲವು ಎಮೋಜಿಯಾಗಿ ಎಣಿಕೆಗೆ ಬೀಳುತ್ತದೆ.

```python
import re
SKIN = re.compile("[\U0001F3FB-\U0001F3FF]")
def clean(s):
    return SKIN.sub("", s.replace("\ufe0f", ""))
```

ಕಾಣದ ಅಕ್ಷರ ಸಿಕ್ಕಿತಲ್ಲ ಅಂತ ಇಲ್ಲಿ `\u200d` ಕೂಡ ಕಿತ್ತು ಹಾಕಬಾರದು. ಅದು ಕುಟುಂಬದ ಎಮೋಜಿಯಲ್ಲಿ ಜನರನ್ನು ಅಂಟಿಸುವ ಅಕ್ಷರ. ಆದರೆ ಕನ್ನಡದಲ್ಲಿ ರ‍್ಯಾಂಕ್, ರ‍್ಯಾಲಿ ಸರಿಯಾಗಿ ಮೂಡುವುದೂ ಅದರಿಂದಲೇ.

‘ಇವತ್ತೂ ನೀರು ಬಂದಿಲ್ಲ’

ಪರೀಕ್ಷೆಗೆ ನಾನು ಯಾವಾಗಲೂ ಓಡಿಸುವ ವಾಕ್ಯ ಇದು. ನೀರಿನ ಗ್ರೂಪಿನಲ್ಲಿ ದಿನಾ ಬರುತ್ತದೆ.

ಮಾಡೆಲ್ ಕಟ್ಟುವ ಪೈಥಾನ್ ಲೈಬ್ರರಿ ಸೈಕಿಟ್-ಲರ್ನ್‌ನಲ್ಲಿ ಪಠ್ಯವನ್ನು ಅಂಕಿಗಳಾಗಿ ಮಾಡಿಕೊಡುವುದು `TfidfVectorizer`. ಅದು ತಾನಾಗಿಯೇ ಪದ ಒಡೆಯಲು `(?u)\b\w\w+\b` ಎಂಬ ಮಾದರಿ ಬಳಸುತ್ತದೆ. ಇಂಗ್ಲಿಷಿಗೆ ಅದು ಸಾಕು. ಪೈಥಾನಿನ `\w` ಮಾತ್ರ ನಮ್ಮ ಗುಣಿತದ ಚಿಹ್ನೆ, ಅನುಸ್ವಾರ, ಒತ್ತಕ್ಷರದ ನಡುವೆ ಬರುವ ಹಲಂತದ ಚಿಹ್ನೆ ಯಾವುದನ್ನೂ ಅಕ್ಷರ ಅಂತ ಒಪ್ಪುವುದಿಲ್ಲ. ಅವು ಬಂದ ಕಡೆಯೆಲ್ಲ ಪದ ತುಂಡಾಗುತ್ತದೆ. ಒಂಟಿ ಅಕ್ಷರದ ತುಂಡುಗಳನ್ನು ಈ ಮಾದರಿ ಬಿಸಾಡುತ್ತದೆ. ‘ನೀರು’ ಒಡೆದರೆ ನ, ರ. ಎರಡೂ ಒಂಟಿ, ಎರಡೂ ಹೋದವು. ‘ಬಂದಿಲ್ಲ’ ಒಡೆದರೆ ಬ, ದ, ಲ, ಲ. ಅವೂ ಹೋದವು. ಇಡೀ ವಾಕ್ಯದಲ್ಲಿ ಕೊನೆಗೆ ಉಳಿಯುವುದು ‘ಇವತ’ ಎಂಬ ಒಂದು ಚೂರು.

ಎರರ್ ಬರುವುದಿಲ್ಲ, ಮಾಡೆಲ್ ಸುಮ್ನೆ ಕಲಿಯುತ್ತಾ ಹೋಗುತ್ತದೆ, ಸ್ವಲ್ಪ ಅಂಕವೂ ಬರುತ್ತದೆ. ಹೀಗಾಗಿದೆ ಅಂತ ತಿಳಿಯುವ ದಾರಿ ಒಂದೇ: `get_feature_names_out()` ಕರೆದು ಪಟ್ಟಿಯನ್ನು ಕಣ್ಣಾರೆ ಓದುವುದು. ಅಲ್ಲಿ ‘ಧನ್ಯವಾದ’ ಇರಬೇಕಾದ ಜಾಗದಲ್ಲಿ ‘ಧನ’, ‘ಯವ’ ಕಂಡರೆ ವಿಷಯ ಗೊತ್ತಾಗುತ್ತದೆ.

ಪದ ಬಿಟ್ಟು ಅಕ್ಷರದ ತುಂಡು ತೆಗೆದುಕೊಂಡರೆ ಈ ತೊಂದರೆ ಇಲ್ಲ:

```python
TfidfVectorizer(analyzer="char_wb",
                ngram_range=(2, 5), min_df=3)
LogisticRegression(class_weight="balanced",
                   max_iter=1000)
```

ಮೊದಲನೆಯದು ತೆಗೆಯುವುದು ಎರಡರಿಂದ ಐದು ಕೋಡ್‌ಪಾಯಿಂಟಿನ, ಅಂದರೆ ಯುನಿಕೋಡಿನ ಬಿಡಿ ಚಿಹ್ನೆಗಳ ತುಂಡುಗಳು, ಪದದ ಅಂಚು ದಾಟದಂತೆ. ಎರಡನೆಯದು ಪ್ರತಿ ತುಂಡಿಗೂ ಒಂದೊಂದು ಎಮೋಜಿಯ ಕಡೆಗೆ ಎಷ್ಟು ತೂಕ ಅಂತ ಕಲಿಯುತ್ತದೆ. ಕನ್ನಡಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ, ಯಾಕೆಂದರೆ ನಮ್ಮ ಧಾಟಿ ಇರುವುದು ಪದದ ಬಾಲದಲ್ಲಿ. ‘ಇವತ್ತು ನೀರು ಬಂದಿಲ್ಲ’ ಅಂದರೆ ಸುದ್ದಿ. ‘ಇವತ್ತೂ’ ಅಂದರೆ ದೂರು. ಆ ದೀರ್ಘವನ್ನು ಮಾಡೆಲ್ ತಾನೇ ಹಿಡಿದಿದೆ. ‘್ತೂ’ ಎಂಬ ತುಂಡಿಗೆ 😡, 🙄 ಎರಡರ ಕಡೆಗೂ ತೂಕ ಬಿದ್ದಿದೆ. ‘್ರಿ’ ಅಂತ ಮುಗಿಯುವ ಪದಗಳು, ಅಂದರೆ ನೋಡ್ರಿ, ಬರ್ರಿ, ಹೌದ್ರಿ, 🙏 ಕಡೆ ಜಗ್ಗುತ್ತವೆ. ‘ಲೇ’ ಇದ್ದರೆ ಬಹುಪಾಲು 😂. ಗೌರವ ಅಂದರೇನು ಅಂತ ನಾನು ಅದಕ್ಕೆ ಎಲ್ಲೂ ಹೇಳಿಕೊಟ್ಟಿಲ್ಲ.

ಈ ತೂಕ ಹೇಗೆ ಬೀಳುತ್ತದೆ? ಮೂರೇ ಎಮೋಜಿ ಇಟ್ಟುಕೊಂಡು ನೋಡೋಣ. ‘ಭಾಳ ಚಲೋ ಆತ್ ಬಿಡ್ರಿ’ ಎಂಬ ಮೆಸೇಜಿಗೆ ಮಾಡೆಲ್ ಕೊಟ್ಟ ಅಂಕ 🙏ಗೆ 2.0, 😂ಗೆ 1.0, 😢ಗೆ 0.1 ಅಂತಿರಲಿ. ಇವನ್ನು ಸಾಫ್ಟ್‌ಮ್ಯಾಕ್ಸ್ ಎಂಬ ಸೂತ್ರದಿಂದ ಸಂಭವನೀಯತೆಗೆ ತಿರುಗಿಸಿದರೆ ಸುಮಾರು 0.66, 0.24, 0.10 ಆಗುತ್ತದೆ. ಬರೆದವರು ನಿಜವಾಗಿ ಹಾಕಿದ್ದು 😂. ಆಗ 😂 1ಕ್ಕೆ ಎಷ್ಟು ಕಡಿಮೆ ಬಿತ್ತೋ ಅಷ್ಟು, ಅಂದರೆ 0.76ರಷ್ಟು ಮೇಲಕ್ಕೆ ತಳ್ಳಿಸಿಕೊಳ್ಳುತ್ತದೆ, 🙏 ಕೆಳಕ್ಕೆ 0.66, 😢 ಕೆಳಕ್ಕೆ 0.10. ಆ ವಾಕ್ಯದಲ್ಲಿದ್ದ ಪ್ರತಿ ತುಂಡಿನ ತೂಕವೂ ಈ ಅಳತೆಯಲ್ಲಿ ಸ್ವಲ್ಪ ಸರಿಯುತ್ತದೆ. ‘್ರಿ’ ತುಂಡನ್ನು ಬೇರೆ ನೂರಾರು ಮೆಸೇಜು ಮತ್ತೆ 🙏 ಕಡೆಗೇ ಎಳೆದು ತರುತ್ತವೆ. ‘ಆತ್ ಬಿಡ್ರಿ’ ಜೊತೆಗೆ ಬರುವ ತುಂಡುಗಳು ಮಾತ್ರ 😂 ಕಡೆ ಉಳಿಯುತ್ತವೆ.

ನಾಲ್ಕು ಥರದ 🙏

ಈ ವಾರ ಪೂರ್ತಿ ಇದರ ಜೊತೆಗೇ ಗುದ್ದಾಟ. 🙏 ನಮ್ಮಲ್ಲಿ ನಮಸ್ಕಾರ, ಥ್ಯಾಂಕ್ಸ್, ತೀರಿಹೋದವರಿಗೆ ಶ್ರದ್ಧಾಂಜಲಿ. ಸಾಲದ್ದಕ್ಕೆ ‘ಸಾಕ್ರಿ ನಿಮ್ಮ ಸಹವಾಸ’ ಅಂತ ಕೈ ಮುಗಿಯುವುದಕ್ಕೂ ಅದೇ. ಬರೀ ಮೊದಲ ಉತ್ತರ ನೋಡಿದರೆ ಮಾಡೆಲ್ ಎಲ್ಲದಕ್ಕೂ 🙏 ಅನ್ನುತ್ತದೆ, ಅದು ತಪ್ಪೂ ಅಲ್ಲ. ಧಾಟಿ ಕಾಣುವುದು ಎರಡನೇ, ಮೂರನೇ ಉತ್ತರದಲ್ಲಿ. 🙏 ಹಿಂದೆ 🌹 ಇದ್ದರೆ ಶುಭೋದಯ. 😢 ಇದ್ದರೆ ಸಾವಿನ ಸುದ್ದಿ. 🙄 ಇದ್ದರೆ ರೋಸಿಹೋದ ಮನುಷ್ಯ. ಅದಕ್ಕೇ ಈಗ ನಾನು ಹತ್ತೂ ಸಂಭವನೀಯತೆಗಳನ್ನು ಒಟ್ಟಿಗೆ ಇಟ್ಟುಕೊಂಡು, ಹತ್ತಿರ ಹತ್ತಿರ ಇರುವ ಮೆಸೇಜುಗಳನ್ನು ಗುಂಪು ಮಾಡಿ ನೋಡುತ್ತಿದ್ದೇನೆ. ಊಹೆಗಿಂತ ಈ ಗುಂಪುಗಳೇ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿವೆ.

ಅಂಕ ಅಳೆಯುವಾಗಲೂ 🙏 ಮೋಸ ಮಾಡುತ್ತದೆ. ನೂರು ಮೆಸೇಜಿನಲ್ಲಿ 40ಕ್ಕೆ 🙏 ಇದೆ ಅಂದುಕೊಳ್ಳಿ. ಯಾವಾಗಲೂ 🙏 ಅನ್ನುವ ಪೆದ್ದ ಮಾಡೆಲ್‌ಗೂ ಶೇ. 40 ನಿಖರತೆ ಸಿಗುತ್ತದೆ. ಮ್ಯಾಕ್ರೋ ಎಫ್‌1 ಎಂಬ ಅಳತೆ, ಹೇಳಿದ್ದರಲ್ಲಿ ಎಷ್ಟು ಸರಿ, ಇದ್ದದ್ದರಲ್ಲಿ ಎಷ್ಟು ಸಿಕ್ಕಿತು ಎರಡನ್ನೂ ನೋಡಿ ಪ್ರತಿ ಎಮೋಜಿಗೂ ಬೇರೆ ಬೇರೆ ಅಂಕ ಕೊಟ್ಟು ಸರಾಸರಿ ತೆಗೆಯುತ್ತದೆ. ಆ ಪೆದ್ದನಿಗೆ 🙏ಗೆ 0.57 ಬಂದರೂ ಉಳಿದ ಒಂಬತ್ತಕ್ಕೆ ಸೊನ್ನೆ. ಸರಾಸರಿ ಬರೀ 0.06.

ಹಾಗಾದರೆ ಎಷ್ಟು ಬಂದರೆ ಚೆನ್ನ? 2018ರಲ್ಲಿ ಸೆಮ್‌ಇವಾಲ್ ಎಂಬ ಭಾಷಾ ಮಾಡೆಲ್‌ಗಳ ಸ್ಪರ್ಧೆಯಲ್ಲಿ ಇಂಗ್ಲಿಷ್ ಟ್ವೀಟುಗಳಿಗೆ 20 ಎಮೋಜಿ ಊಹಿಸಬೇಕಿತ್ತು. ಗೆದ್ದ ತಂಡದ ಮ್ಯಾಕ್ರೋ ಎಫ್‌1 ನೂರಕ್ಕೆ ಸುಮಾರು 36. ಗೆದ್ದದ್ದು ನ್ಯೂರಲ್ ನೆಟ್‌ವರ್ಕೂ ಅಲ್ಲ, ಅಕ್ಷರ ಮತ್ತು ಪದದ ತುಂಡುಗಳ ಮೇಲೆ ಕಟ್ಟಿದ ಎಸ್‌ವಿಎಂ ಎಂಬ ಹಳೆ, ಸರಳ ಥರದ ಮಾಡೆಲ್. ನನ್ನ ಬಡ ಲ್ಯಾಪ್‌ಟಾಪಿಗೆ ಇದು ದೊಡ್ಡ ಸಮಾಧಾನ.

ಅಂಕ ಯಾಕೆ ಮೇಲೆ ಏರುವುದಿಲ್ಲ ಅಂತ ನೋಡಲು, ಎಮೋಜಿ ಮುಚ್ಚಿದ ಮೆಸೇಜುಗಳನ್ನು ಅಕ್ಕನ ಮುಂದಿಟ್ಟೆ. ‘ಆಯ್ತು ಬರ್ತೀನಿ’ ಎಂಬುದಕ್ಕೆ ಅವಳು 👍 ಅಂದಳು. ಇದ್ದದ್ದು 🙄.

“ಇದರಾಗ ಸಿಟ್ಟೆಲ್ಲಿ ಐತಿ? ಹಿಂದಿನ ಮೆಸೇಜ್ ತೋರಸು ಮೊದಲ,” ಅಂದಳು.

ಸರಿಯಾದ ಮಾತು. ಹಿಂದಿನ ಮೆಸೇಜು ‘ಭಾನುವಾರನೂ ಡ್ಯೂಟಿ ಐತಿ’ ಅಂತಿತ್ತು. ಒಂಟಿ ವಾಕ್ಯದಲ್ಲಿ ಇಲ್ಲದ ಧಾಟಿಯನ್ನು ಯಾವ ಮಾಡೆಲೂ ಹುಡುಕಲಾರದು.

ಹಾಗಾಗಿ ಹಿಂದಿನ ಮೆಸೇಜಿಗೆ ಬೇರೆಯದೇ ವೆಕ್ಟರೈಸರ್ ಕೊಟ್ಟು, ಎರಡನ್ನೂ ಪಕ್ಕಪಕ್ಕ ಜೋಡಿಸಿದೆ. ಎರಡನ್ನೂ ಒಂದೇ ವಾಕ್ಯ ಮಾಡಿ ಕಲಸಿದರೆ ಯಾರು ಏನು ಅಂದರು ಅನ್ನುವುದೇ ಕಳೆದುಹೋಗುತ್ತದೆ. ಇದು ನಿಜಕ್ಕೂ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ಸುಲಭದ ದಾರಿ ಇದೆ: ಪರೀಕ್ಷೆಯ ಹೊತ್ತಿಗೆ ಹಿಂದಿನ ಮೆಸೇಜುಗಳನ್ನು ಅದಲುಬದಲು ಮಾಡಿ ಹಾಕಬೇಕು. ಅಂಕ ಇಳಿಯದಿದ್ದರೆ ಮಾಡೆಲ್ ಅದನ್ನು ನೋಡುತ್ತಲೇ ಇಲ್ಲ ಅಂತ ಅರ್ಥ. ನನ್ನಲ್ಲಿ ‘ಹೂಂ’, ‘ಆಯ್ತು’, ‘ಭಾಳ ಚಲೋ’ ಥರದ ಚಿಕ್ಕ ಮೆಸೇಜುಗಳಲ್ಲಿ ಅಂಕ ಚೆನ್ನಾಗಿ ಇಳಿಯಿತು. ಉದ್ದದವುಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಇತ್ತು. ಹಾಗೇ ಇರಬೇಕು, ಅಲ್ವಾ? ಉದ್ದದ ಮೆಸೇಜು ತನ್ನ ಧಾಟಿಯನ್ನು ತಾನೇ ಹೊತ್ತಿರುತ್ತದೆ.

ಯಾವಾಗ ಸುಮ್ಮನಿರಬೇಕು

ಬಳಗದ ಗ್ರೂಪಿನ ಒಂದು ಮೆಸೇಜು: ‘ದೊಡ್ಡಪ್ಪ ಹೋಗಿಬಿಟ್ರು’. ಮಾಡೆಲ್‌ನ ಮೊದಲ ಉತ್ತರ 🙏, ಎರಡನೆಯದು 😂. ಶಿಫ್ಟಿನ ಗ್ರೂಪಿನಲ್ಲಿ ‘ಸಾಹೇಬ್ರು ಹೋಗಿಬಿಟ್ರು’ ಅಂತ ನಗುವ ಮೆಸೇಜು ಸಾಕಷ್ಟಿವೆ. ಅಲ್ಲಿಂದ ಬಂದದ್ದು ಈ ತೂಕ.

ಶುಭೋದಯಕ್ಕೆ 🌹 ಬದಲು 👍 ತೋರಿಸಿದರೆ ಯಾರೂ ಬೇಜಾರಾಗುವುದಿಲ್ಲ. ಸಾವಿನ ಮನೆಗೆ 😂 ತೋರಿಸುವುದು ಬೇರೆಯದೇ ಥರದ ತಪ್ಪು. ಮ್ಯಾಕ್ರೋ ಎಫ್‌1 ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ಹಾಗಾಗಿ ಒಂದು ನಿಯಮ ಹೊರಗಿನಿಂದ ಸೇರಿಸಿದೆ. 😢ಕ್ಕೆ ಒಂದು ಮಿತಿಗಿಂತ ಹೆಚ್ಚು ಸಂಭವ ಇದ್ದರೆ 😂, 🎉 ಎರಡನ್ನೂ ಪಟ್ಟಿಯಿಂದ ತೆಗೆಯುವುದು. ಮೊದಲ ಉತ್ತರದ ಸಂಭವವೇ ತೀರಾ ಕಡಿಮೆ ಇದ್ದರೆ ಏನನ್ನೂ ತೋರಿಸದಿರುವುದು.

ಆ ಮಿತಿ ಎಷ್ಟಿರಬೇಕು ಅಂತ ಅಂದಾಜಿನಲ್ಲಿ ಹೇಳಲು ಬರುವುದಿಲ್ಲ. `class_weight="balanced"` ಹಾಕಿದ ಮೇಲೆ ಅಪರೂಪದ ಎಮೋಜಿಗಳ ಸಂಭವನೀಯತೆ ಉಬ್ಬಿರುತ್ತದೆ. 0.3 ಅಂತ ಕಂಡದ್ದು ಹತ್ತರಲ್ಲಿ ಮೂರು ಸಲ ಅಂತ ಅಲ್ಲ. ಇದಕ್ಕಾಗಿಯೇ ಒಂದು ಪಾಲು ಮೆಸೇಜು ಬೇರೆ ಎತ್ತಿಟ್ಟು, ಅದರ ಮೇಲೆ ಮಿತಿಯನ್ನು ಏರಿಸಿ ಇಳಿಸಿ ನೋಡುತ್ತಿದ್ದೇನೆ. ಸದ್ಯಕ್ಕೆ ಮಿತಿ ಕಡಿಮೆಯೇ ಇದೆ. ‘ಸಾಹೇಬ್ರು ಹೋಗಿಬಿಟ್ರು’ ಎಂಬುದಕ್ಕೂ ಈಗ 😂 ಬರುತ್ತಿಲ್ಲ. ಇರಲಿ.

ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡವನ್ನು ಇನ್ನೂ ಮುಟ್ಟಿಲ್ಲ. `chalo`, `chaloo`, `chlo` ಎಲ್ಲವೂ ಒಂದೇ ಮಾತು, ಮಧ್ಯೆ ಮರಾಠಿಯ `lai bhari` ಬೇರೆ. ಅದಕ್ಕೆ ಗೂಗಲ್‌ನ ಮುರಿಲ್ ಮಾಡೆಲನ್ನು ತಿದ್ದಿ ಬಳಸುವ ಯೋಚನೆ ಇದೆ. ಲಿಪಿ ಬದಲಿಸಿ ಬರೆದ ಪಠ್ಯವನ್ನೂ ಕೊಟ್ಟು ಅದನ್ನು ಕಲಿಸಿದ್ದಾರೆ, ಕನ್ನಡ ಮರಾಠಿ ಎರಡೂ ಅದರಲ್ಲಿವೆ. ಮುಂದಿನ ಬರಹ ಅದರ ಬಗ್ಗೆ.