ಗೂಡು ಅಳೆಯೋ ಯಂತ್ರ: ಜೋಡಿ ಗೂಡಿಗೆ ಬಂದಾಗ ಮಾತ್ರ ತಪ್ಪುವ ಕ್ಯಾಲಿಪರ್ಸ್

ಕೊನೆಗೂ ಸಿಕ್ಕಿತು. ಶಿಡ್ಲಘಟ್ಟದ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ಕೂತಿರೋ ಈ ಯಂತ್ರ ರೇಷ್ಮೆಗೂಡನ್ನು ಮೇಲಿನಿಂದ ಫೋಟೋ ತೆಗೆದು ಉದ್ದ ಹೇಳಬೇಕು, ಅಷ್ಟೇ ಕೆಲಸ. ಕ್ಯಾಮೆರಾ, ಲೈಟು, ಹೊರರೇಖೆ ತೆಗೆಯೋದು, ಅದರ ಕಾನ್ವೆಕ್ಸ್ ಹಲ್ ಕಟ್ಟೋದು ಎಲ್ಲ ನಿಮಗೆ ಗೊತ್ತಿರೋದೇ, ಬಿಡಿ. ಕ್ಯಾಮೆರಾ ಬಗ್ಗೆ ಒಂದೇ ಮಾತು: ಫೋಕಸ್ ಬದಲಾಗದ ಮಾಡೆಲ್ ಬೇಕು ಅಂತ ಬರೆದು ಕೊಟ್ಟು ಬಂದರೂ ಎಸ್.ಪಿ. ರೋಡಿನ ಅಂಗಡಿಯವರು ಆಟೋಫೋಕಸ್ ಇರೋದನ್ನೇ ಕಳಿಸಿದ್ದಾರೆ. ಪ್ರತಿ ಗೂಡಿಗೂ ಅದು ಒಮ್ಮೆ ಹಿಂದೆ ಮುಂದೆ ಆಡಿ ಉಸಿರು ಬಿಡುತ್ತದೆ. ಲೆನ್ಸಿಗೆ ಫೆವಿಕ್ವಿಕ್ ಹಾಕಿದ ಮೇಲೆ ಸುಮ್ಮನಾಗಿದೆ.

ತಲೆನೋವು ಕೊಟ್ಟಿದ್ದು ಉದ್ದ. ಗೂಡಿನ ಉದ್ದ ಅಂದರೆ ಹೊರರೇಖೆಯ ಮೇಲೆ ಒಂದಕ್ಕೊಂದು ಅತಿ ದೂರವಿರುವ ಎರಡು ಬಿಂದು. ಅದು ಹಲ್‌ನ ಮೂಲೆಗಳಲ್ಲೇ ಇರುತ್ತದೆ, ರೊಟೇಟಿಂಗ್ ಕ್ಯಾಲಿಪರ್ಸ್ ಅದನ್ನು ಒಂದೇ ಸುತ್ತಿನಲ್ಲಿ ಹುಡುಕಿ ಕೊಡುತ್ತದೆ. ಗೆಳೆಯನೊಬ್ಬ ಕಾಲೇಜಿನ ಕಾಲದ ಕೋಡ್ ಕೊಟ್ಟಿದ್ದ. ದ್ವಿತಳಿ, ಮಿಶ್ರತಳಿ ಎಲ್ಲ ಗೂಡಿಗೂ ವರ್ನಿಯರ್ ಹಿಡಿದು ನೋಡಿದರೆ ಸರಿಯಾಗೇ ಬರುತ್ತಿತ್ತು. ಜೋಡಿ ಗೂಡು ಇಟ್ಟಾಗ ಮಾತ್ರ ಆಗಾಗ ತಪ್ಪು.

ಜೋಡಿ ಗೂಡೇ ನನಗೆ ಬೇಕಾಗಿರೋದು. ಎರಡು ಹುಳ ಒಂದೇ ಗೂಡು ಕಟ್ಟಿದರೆ ಎಳೆ ಒಂದರೊಳಗೊಂದು ಸಿಕ್ಕಿಕೊಂಡು ನೂಲು ಸಲೀಸಾಗಿ ಬಿಚ್ಚುವುದಿಲ್ಲ, ರೀಲರ್‌ಗಳು ಆರಿಸಿ ಪಕ್ಕಕ್ಕೆ ಹಾಕುತ್ತಾರೆ. ಚಿಕ್ಕಪ್ಪ ಬಂದು ನೋಡಿ, "ಲೋ, ಗುಂಡುಗೈತೆ ಅಂತ ಕಣ್ಣಿಗೇ ಕಾಣ್ತದಲ್ಲೋ, ಇದಕ್ಕೆ ಕಂಪ್ಯೂಟರ್ ಬೇರೆ ಬೇಕಾ?" ಅಂದರು. ಆಗ ಸಿಟ್ಟು ಬಂತು. ಆದರೆ ಉತ್ತರ ಅವರ ಮಾತಿನಲ್ಲೇ ಇತ್ತು: ಗುಂಡುಗಿರೋದೇ ಸಮಸ್ಯೆ.

ಮೊದಲ ಸುಳಿವು, ತಪ್ಪು ಬಂದಾಗಲೆಲ್ಲ ಉದ್ದ ಕಡಿಮೆ ಬರುತ್ತಿತ್ತು, ಹೆಚ್ಚು ಒಮ್ಮೆಯೂ ಇಲ್ಲ. ಫೋಟೋದಲ್ಲೇ ದೋಷ ಇದ್ದಿದ್ದರೆ ಎರಡೂ ಕಡೆ ವಾಲಬೇಕಿತ್ತು. ಬರೀ ಕಡಿಮೆ ಅಂದರೆ ಕೋಡ್ ನಿಜವಾದ ಜೋಡಿಗಳನ್ನೇ ಅಳೆಯುತ್ತಿದೆ, ಆದರೆ ಸರಿಯಾದ ಜೋಡಿಯನ್ನು ನೋಡದೆಯೇ ದಾಟುತ್ತಿದೆ. ಒಳಗೆ ಹೀಗಿತ್ತು:

```python
while dist2(P[i], P[(j+1)%n]) > dist2(P[i], P[j]):
    j = (j+1) % n
```

ಅಂದರೆ `i` ಮೂಲೆಯಲ್ಲಿ ನಿಂತು, ದೂರ ಹೆಚ್ಚುತ್ತಿರುವ ತನಕ `j`ಯನ್ನು ಮುಂದೆ ತಳ್ಳು, ಇಳಿದ ಕೂಡಲೇ ನಿಲ್ಲು. ಓದಿದರೆ ಸರಿ ಅನ್ನಿಸುತ್ತದೆ. ಆದರೆ ಕಾನ್ವೆಕ್ಸ್ ಬಹುಭುಜದ ಒಂದು ಮೂಲೆಯಿಂದ ಉಳಿದವುಗಳ ದೂರ ಒಮ್ಮೆ ಏರಿ ಒಮ್ಮೆ ಇಳಿಯಬೇಕು ಅಂತ ನಿಯಮವಿಲ್ಲ. ಹಲವು ಸಲ ಏರಿಳಿಯಬಹುದು ಅಂತ ಎವಿಸ್, ಟೂಸೆಂಟ್, ಭಟ್ಟಾಚಾರ್ಯ 1982ರಲ್ಲೇ ತೋರಿಸಿದ್ದಾರೆ. ಈ ವಿಧಾನದ ಬೇರು 1978ರ ಶಾಮೋಸ್ ಪಿಎಚ್‌.ಡಿ. ಪ್ರಬಂಧದಲ್ಲಿದೆ, ಕ್ಯಾಲಿಪರ್ಸ್ ಅನ್ನೋ ಹೆಸರು ಟೂಸೆಂಟ್ 1983ರಲ್ಲಿ ಇಟ್ಟಿದ್ದು. ಅಷ್ಟು ಹಳೇ ಗುಂಡಿ, ಇನ್ನೂ ಮುಚ್ಚಿಲ್ಲ.

ದೋಷ ಉಳಿಯುವಂತೆ ಮೂಲೆಗಳನ್ನು ಕಿತ್ತು ಕಿತ್ತು, ಅಂಕಿಗಳನ್ನು ಸುಲಭ ಮಾಡಿ, ಆರಕ್ಕೆ ಇಳಿಸಿದೆ. ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ: ಅ (0, 0), ಕ (70, −50), ಚ (75, −42), ಟ (100, 0), ತ (70, 49), ಪ (67, 47). ಪೇಪರಿನ ಮೇಲೆ ಬರೆದು ನೋಡಿ. ಅತಿ ದೂರದ ಜೋಡಿ ಅ–ಟ, ಸರಿಯಾಗಿ 100.

ಈಗ ಆ ಕೋಡ್ ಓಡಿಸಿ, ದೂರಗಳ ವರ್ಗ ಮಾತ್ರ ನೋಡೋಣ. ಅ ಇಂದ ಕ 7400. ಮುಂದಿನ ಚ 7389, ಇಳಿಯಿತು, ಅಲ್ಲೇ ನಿಂತಿತು. ಟ 10000ದೊಂದಿಗೆ ಮುಂದೆಯೇ ಕಾಯುತ್ತಿದೆ, ಅದರ ತನಕ ಹೋಗಲೇ ಇಲ್ಲ. ಇರಲಿ, ಟ ಕಡೆಯಿಂದಾದರೂ ಅ ಸಿಗಬೇಕಲ್ಲ? ಕ ಸರದಿಯಲ್ಲಿ `j` ಓಡಿ ತ ತಲುಪುತ್ತದೆ, 9801. ಚ ಸರದಿಯಲ್ಲೂ ಅಲ್ಲೇ. ಟ ಸರದಿ ಬಂದಾಗ ತ 3301, ಅದರಾಚೆ ಪ 3298. ಬರೀ ಮೂರರ ಇಳಿಕೆಗೆ ಮತ್ತೆ ನಿಂತಿತು, ಅದರ ಮುಂದಿನ ಮೂಲೆಯೇ ಅ! ಸುತ್ತು ಮುಗಿದಾಗ ಉತ್ತರ 99, ಕ–ತ ಜೋಡಿ. ಎರಡೂ ತುದಿಯಿಂದ ಸಿಕ್ಕಿಹಾಕಿಕೊಂಡರೆ ಮಾತ್ರ ಹೀಗಾಗುತ್ತದೆ, ಅದಕ್ಕೇ ಅಪರೂಪ.

ಉದ್ದ ಗೂಡಿನಲ್ಲಿ ಯಾಕೆ ಬರಲಿಲ್ಲ? ಹೈಸ್ಕೂಲ್ ರೇಖಾಗಣಿತ ಸಾಕು. ಅ–ಟ ಅನ್ನೇ ವ್ಯಾಸ ಮಾಡಿ ವೃತ್ತ ಬರೆಯಿರಿ. ಕ ಆ ವೃತ್ತದ ಒಳಗಿದ್ದರೆ, ಕ ದಲ್ಲಿ ಅ ಮತ್ತು ಟ ಕಡೆಗಿನ ಕೋನ 90 ಡಿಗ್ರಿ ಮೀರುತ್ತದೆ. ಚ ಇನ್ನೂ ಹೊರಕ್ಕೆ ಉಬ್ಬಿರುವುದರಿಂದ ಅ–ಕ–ಚ ಕೋನ ಅದಕ್ಕಿಂತ ದೊಡ್ಡದು, ಆದ್ದರಿಂದ ಎದುರಿನ ಬಾಹು ಅ–ಚ ಯಾವಾಗಲೂ ಅ–ಕ ಗಿಂತ ಉದ್ದ. ಇಳಿಕೆಗೆ ಜಾಗವೇ ಇಲ್ಲ. ನೀಳ ಗೂಡು ಹೆಚ್ಚುಕಡಿಮೆ ಪೂರ್ತಿ ಆ ವೃತ್ತದೊಳಗೆ ಕೂರುತ್ತದೆ. ಗುಂಡು ಗೂಡು ಆಚೆ ಈಚೆ ಉಕ್ಕುತ್ತದೆ, ನಮ್ಮ ಕ ಮತ್ತು ತ ಎರಡೂ ವೃತ್ತದ ಹೊರಗಿವೆ. ಹಾಗಾಗಿ ಪರೀಕ್ಷೆಗೆ ಉದ್ದನೆ ಪಟ್ಟಿಯೊಳಗೆ ಯಾದೃಚ್ಛಿಕ ಬಿಂದು ಚೆಲ್ಲಿ "ಎಲ್ಲ ಪಾಸ್" ಅನ್ನಬೇಡಿ. ಗುಂಡಗಿನ ಆಕಾರ ಕೊಟ್ಟು, ಎಲ್ಲ ಜೋಡಿ ಅಳೆಯೋ ದಡ್ಡ ಲೂಪಿನ ಜೊತೆ ಹೋಲಿಸಿ.

ಪರಿಹಾರ: ಮೂಲೆಯಿಂದ ದೂರ ಅಲ್ಲ, ಅಂಚಿನಿಂದ ಎತ್ತರ ನೋಡಬೇಕು. ಒಂದು ಅಂಚನ್ನು ನೆಲ ಅಂತ ಇಟ್ಟುಕೊಂಡರೆ ಕಾನ್ವೆಕ್ಸ್ ಆಕಾರದ ಎತ್ತರ ಒಂದೇ ಸಲ ಏರಿ ಒಂದೇ ಸಲ ಇಳಿಯುತ್ತದೆ, ನಡುವೆ ತಗ್ಗು ಬರೋದೇ ಇಲ್ಲ. ಅಂಚಿನ ಜೊತೆ ಆಗುವ ತ್ರಿಕೋನದ ಕ್ಷೇತ್ರಫಲದ ಎರಡರಷ್ಟು ಆ ಎತ್ತರದ ಕೆಲಸ ಮಾಡುತ್ತದೆ:

```python
best = 0
j = 1
for i in range(n):
    k = (i+1) % n
    while area2(P[i],P[k],P[(j+1)%n]) > area2(P[i],P[k],P[j]):
        j = (j+1) % n
    best = max(best, dist2(P[i],P[j]), dist2(P[k],P[j]))
```

ಕ–ಚ ಅಂಚಿಗೆ ತ 495, ಪ 509, ಅ 810. ಟ ಇಂದ ಅಳೆದಾಗ ಎಡವಿದ ಪ ಇಲ್ಲಿ ಏರುವ ಮೆಟ್ಟಿಲೇ, ಹಾಗಾಗಿ `j` ಅ ತಲುಪುತ್ತದೆ. ಮುಂದಿನ ಚ–ಟ ಅಂಚಿಗೆ ಅ 4200, ಅದರಾಚೆ ಕ ಬರೀ 10, ಅಲ್ಲೇ ನಿಲ್ಲುತ್ತದೆ. ಅಂಚಿನ ಎರಡೂ ತುದಿ ಅಳೆಯುವುದರಿಂದ ಟ–ಅ, 10000. ಹಲ್ ಕಟ್ಟುವಾಗ ಒಂದೇ ಸಾಲಿನಲ್ಲಿರೋ ಪಿಕ್ಸೆಲ್‌ಗಳನ್ನು ತೆಗೆದುಬಿಡಿ, ಮತ್ತೆ ಲೂಪನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಸಮಾನಾಂತರ ಅಂಚುಗಳಲ್ಲಿ ಸಮ ಬಂದಾಗ ಬಿಟ್ಟುಹೋದ ಜೋಡಿ ಬೇರೆ ಅಂಚಿನ ಸರದಿಯಲ್ಲಿ ಸಿಗುತ್ತದೆ.

ಹಲ್‌ನಲ್ಲಿ ಕೆಲವು ಡಜನ್ ಮೂಲೆ ಇರೋವಾಗ ದಡ್ಡ ಲೂಪೇ ಸಾಕಿತ್ತಲ್ಲ ಅಂತೀರಾ? ಉದ್ದಕ್ಕೆ ಸಾಕು. ನನಗೆ ಅಗಲವೂ ಬೇಕು, ಅದು ಇದೇ ಸುತ್ತಿನಲ್ಲಿ ಪುಕ್ಕಟೆ: ಪ್ರತಿ ಅಂಚಿನಲ್ಲೂ ಗರಿಷ್ಠ `area2` ಅನ್ನು ಅಂಚಿನ ಉದ್ದದಿಂದ ಭಾಗಿಸಿ ಅತಿ ಚಿಕ್ಕದನ್ನು ಇಟ್ಟುಕೊಳ್ಳಿ. ನಮ್ಮ ಆರು ಮೂಲೆಗೆ ಅದು ಅ–ಕ ಅಂಚಿನಲ್ಲಿ ಬರುತ್ತದೆ, ಸುಮಾರು 80.6. ಉದ್ದಕ್ಕೂ ಅಗಲಕ್ಕೂ ಅನುಪಾತ 1.24. ಈ ಅನುಪಾತದ ಮೇಲೆಯೇ ಜೋಡಿ ಗೂಡನ್ನು ಗಾಳಿ ಊದಿ ಪಕ್ಕಕ್ಕೆ ತಳ್ಳೋದು ಮುಂದಿನ ಕೆಲಸ. ಗಡಿ ಎಷ್ಟಕ್ಕೆ ಇಡಬೇಕು ಅನ್ನೋದನ್ನು ಚಿಕ್ಕಮ್ಮ ಆರಿಸಿಟ್ಟ ರಾಶಿ ಅಳೆದು ನಿರ್ಧರಿಸಬೇಕು. ವಾಲ್ವ್ 12 ವೋಲ್ಟಿಂದು ಕೇಳಿದ್ದೆ, 24 ವೋಲ್ಟಿಂದು ಬಂದಿದೆ. ಡಬ್ಬದ ಮೇಲೆ ಮಾತ್ರ 12 ಅಂತ ಚಂದವಾಗಿ ಪ್ರಿಂಟ್ ಆಗಿದೆ.